ತೂಕ ಇಳಿದಿಲ್ಲ, ಆದರೂ ಎಸ್‌ಜಿಎ 'ಸಿ': ಚಾರ್ಟ್‌ನಲ್ಲಿ ಕಾರಣ ಹೇಗೆ ಬರೆಯೋದು?

ರಾಯಚೂರು ಡಯಟ್

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗಿದ್ದೇನೆ. ಒಂದು ಕೇಸ್ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಸಿಂಧನೂರು ಕಡೆಯವರು, ವಯಸ್ಸು 48. ರೈಸ್ ಮಿಲ್‌ನಲ್ಲಿ ಹಮಾಲಿ. ಲಿವರ್ ಕಾಯಿಲೆ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದಿದ್ದಾರೆ. ಸೋಮವಾರ ಸೇರಿದಾಗ ತೂಕ 59 ಕೆಜಿ. ಅವರ ಹತ್ತಿರ ಆರು ತಿಂಗಳ ಹಿಂದಿನ ಓಪಿಡಿ ಚೀಟಿ ಇತ್ತು, ಅದರಲ್ಲಿ 60 ಕೆಜಿ ಅಂತ ಬರೆದಿದೆ. ಅಂದ್ರೆ ಇಳಿದಿರೋದು ಒಂದೇ ಕೆಜಿ.

ಮನುಷ್ಯನನ್ನು ನೋಡಿದರೆ ಬೇರೆಯೇ ಕಥೆ. ಕಣತಲೆ ಒಳಗೆ ಹೋಗಿದೆ, ಭುಜದ ಮೂಳೆ ಚೌಕವಾಗಿ ಎದ್ದು ಕಾಣುತ್ತೆ, ಹೊಟ್ಟೆ ಮಾತ್ರ ಬಿಗಿಯಾಗಿದೆ. ಎರಡೂ ಕಾಲಿನಲ್ಲಿ ಊತ. ಪೌಷ್ಟಿಕತೆ ಅಳೆಯೋ ಎಸ್‌ಜಿಎಯಲ್ಲಿ ನಾನು ಸಿ, ಅಂದ್ರೆ ತೀವ್ರ ಅಪೌಷ್ಟಿಕತೆ, ಅಂತ ಹಾಕಿದೆ. ಮರುದಿನ ರೌಂಡ್ಸ್‌ನಲ್ಲಿ ಡಾಕ್ಟರ್ ಕೇಳಿದರು: "60ರಿಂದ 59 ಆಗಿದೆ, ಎ ಆಗಬೇಕಲ್ಲ? ಅಂದಾಜಿನ ಮೇಲೆ ಸಿ ಬರೆಯಬೇಡಿ, ಆಧಾರ ಬರೀರಿ."

ನಮ್ಮ ಫಾರ್ಮ್‌ನಲ್ಲಿ ಎ, ಬಿ, ಸಿ ಅಂತ ಟಿಕ್ ಹಾಕೋಕೆ ಮೂರು ಡಬ್ಬಿ, ಕೆಳಗೆ ಎರಡು ಗೆರೆ, ಅಷ್ಟೇ. ಆ ಎರಡು ಗೆರೆಯಲ್ಲಿ ಏನು ಬರೆದರೆ ಓದಿದವರಿಗೆ ನನ್ನ ರೇಟಿಂಗ್ ಅರ್ಥವಾಗುತ್ತೆ? ಡಾಕ್ಟರ್ ಕೇಳಿದ್ದು ನ್ಯಾಯವಾಗಿಯೇ ಇದೆ ಅನ್ನಿಸುತ್ತೆ, ಅದಕ್ಕೆ ಸರಿಯಾಗಿ ಉತ್ತರ ಕೊಡಬೇಕು.

ಲೆಕ್ಕದ ಹುಡುಗ

ಅಕ್ಕಾ, ಆಲ್ಬುಮಿನ್ ಎಷ್ಟಿದೆ? 2.5ಕ್ಕಿಂತ ಕಡಿಮೆ ಇದ್ರೆ ಅದನ್ನೇ ಬರೆದುಬಿಡಿ, ಯಾರೂ ಪ್ರಶ್ನೆ ಮಾಡಲ್ಲ. ಲ್ಯಾಬ್ ರಿಪೋರ್ಟ್‌ಗಿಂತ ದೊಡ್ಡ ಆಧಾರ ಇಲ್ಲ.

ರಾಯಚೂರು ಡಯಟ್

2.4 ಇದೆ ತಮ್ಮಾ. ಆದರೆ ಎಸ್‌ಜಿಎಯಲ್ಲಿ ಲ್ಯಾಬ್ ಇಲ್ಲವಲ್ಲ.

ಎಂಡಿ ಕೊಪ್ಪಳ

ಆಲ್ಬುಮಿನ್ ಬರೆದರೆ ನಾನಂತೂ ಒಪ್ಪುವುದಿಲ್ಲ. ಆಲ್ಬುಮಿನ್ ತಯಾರಾಗುವುದೇ ಲಿವರ್‌ನಲ್ಲಿ. ಆ ಲಿವರ್ ಕೆಟ್ಟಿರುವಾಗ 2.4 ಇರುವುದು ಲಿವರ್ ಬಗ್ಗೆ ಹೇಳುತ್ತೆ, ಊಟದ ಬಗ್ಗೆ ಅಲ್ಲ. ಇನ್ಫೆಕ್ಷನ್ ಆದವರಲ್ಲೂ ಕೆಲವೇ ದಿನದಲ್ಲಿ ಇಳಿಯುತ್ತೆ, ಅವರು ಚೆನ್ನಾಗಿ ಉಂಡವರಾಗಿದ್ದರೂ ಸರಿ. ಡಯಟಿಷಿಯನ್ ನೋಟ್‌ನಲ್ಲಿ "ಆಲ್ಬುಮಿನ್ ಕಡಿಮೆ, ಆದ್ದರಿಂದ ಸಿ" ಅಂತ ಇದ್ದರೆ, ಇವರು ರೋಗಿಯನ್ನು ಮುಟ್ಟಿಯೇ ನೋಡಿಲ್ಲ ಅಂದುಕೊಳ್ಳುತ್ತೇನೆ.

ತುಂಗಭದ್ರಾ ದಂಡೆ

ನಮಸ್ತೆ. ನಮ್ಮ ತಂದೆಗೂ ತೂಕ ಇಳೀತಾ ಇದೆ, ಶುಗರ್ ಇದೆ. ಮೆಡಿಕಲ್ ಶಾಪ್‌ನಲ್ಲಿ ಒಂದು ಪ್ರೋಟೀನ್ ಪೌಡರ್ ಕೊಟ್ಟಿದ್ದಾರೆ. ಅದನ್ನು ಕೊಟ್ಟರೆ ಸಿ ಇರೋದು ಎ ಆಗುತ್ತಾ?

ಗಂಗಾವತಿ ಸಿಸ್ಟರ್

ಅಣ್ಣಾ, ಇಲ್ಲಿ ಮಾತಾಡ್ತಿರೋದು ಆಸ್ಪತ್ರೆ ಚಾರ್ಟ್ ಬರೆಯೋ ವಿಷಯ. ತಂದೆಯವರಿಗೆ ಶುಗರ್ ಇದ್ದು ತೂಕ ಇಳೀತಾ ಇದ್ರೆ ಪೌಡರ್ ಆಮೇಲೆ, ಮೊದಲು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಶುಗರ್ ಹತೋಟಿಯಲ್ಲಿ ಇಲ್ಲದಿದ್ರೂ ತೂಕ ಇಳಿಯುತ್ತೆ, ಬೇರೆ ಕಾರಣಾನೂ ಇರಬಹುದು. ತಡ ಮಾಡಬೇಡಿ.

ಕೋಟೆ ಬಾಗಿಲು

ಬಳ್ಳಾರಿಯಿಂದ ಬರೀತಿದ್ದೇನೆ, ಈ ಕೆಲಸದಲ್ಲಿ ಬಹಳ ವರ್ಷ ಆಯ್ತು.

ಹೊಟ್ಟೆಯಲ್ಲಿ ನೀರಿರುವ ರೋಗಿಯಲ್ಲಿ ತೂಕದ ಸಾಲೇ ಎಲ್ಲರನ್ನೂ ದಾರಿ ತಪ್ಪಿಸೋದು. ತಕ್ಕಡಿ ನೀರು, ಮಾಂಸ, ಕೊಬ್ಬು ಮೂರನ್ನೂ ಕೂಡಿಸಿ ಒಂದೇ ಸಂಖ್ಯೆ ತೋರಿಸುತ್ತೆ. ಮಾಂಸ ಹತ್ತು ಕೆಜಿ ಹೋಗಿ ನೀರು ಒಂಬತ್ತು ಕೆಜಿ ಬಂದರೂ ಚೀಟಿಯಲ್ಲಿ ಕಾಣೋದು ಒಂದು ಕೆಜಿಯ ವ್ಯತ್ಯಾಸ. ಹಾಗಾಗಿ ನೀವು ಮೊದಲು ಬರೆಯಬೇಕಾಗಿರೋದು "ಸಿ" ಅಲ್ಲ, "59 ಕೆಜಿಯನ್ನು ನಾನು ಯಾಕೆ ನಂಬಲಿಲ್ಲ" ಅನ್ನೋದು. ಅದು ಬರೆದಿದ್ದರೆ ಡಾಕ್ಟರ್ ಆ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ಎರಡು ವಿಷಯ ತಿಳಿಸಿ. ನೀರು ತೆಗೆದರಾ? ತೆಗೆದ ಮೇಲೆ ತೂಕ ನೋಡಿದ್ರಾ? ಇನ್ನೊಂದು, 60 ಕೆಜಿ ಇದ್ದಾಗ ಹೊಟ್ಟೆಯಲ್ಲಿ ನೀರಿತ್ತಾ? ಆವಾಗಲೂ ಇದ್ದಿದ್ದರೆ ಆ 60 ಕೂಡ ಕೆಲಸಕ್ಕೆ ಬರಲ್ಲ.

ರಾಯಚೂರು ಡಯಟ್

ಮೇಡಂ, ಬುಧವಾರ 6 ಲೀಟರ್ ತೆಗೆದರು. ಗುರುವಾರ ಬೆಳಿಗ್ಗೆ ಅದೇ ತಕ್ಕಡಿಯಲ್ಲಿ 53 ಕೆಜಿ. ಕಾಲಿನ ಊತ ಇನ್ನೂ ಇದೆ, ಹೊಟ್ಟೆಯಲ್ಲೂ ಸ್ವಲ್ಪ ಉಳಿದಿದೆ ಅಂತಾರೆ. ಹಳೇ ಚೀಟಿಯಲ್ಲಿ ಹೊಟ್ಟೆ ಮೆತ್ತಗಿದೆ, ಊತ ಇಲ್ಲ ಅಂತ ಡಾಕ್ಟರ್ ಬರೆದಿದ್ದಾರೆ. ಹೊಟ್ಟೆ ಉಬ್ಬಿದ್ದು ಈಚೆಗೆ ಎರಡು ತಿಂಗಳಿಂದ ಅಂತ ಹೆಂಡತಿ ಹೇಳಿದರು.

ಲೆಕ್ಕದ ಹುಡುಗ

ಇದಕ್ಕೆ ಫಾರ್ಮುಲಾ ಇದೆಯಲ್ಲ. ನೀರು ಕಡಿಮೆ ಇದ್ರೆ ತೂಕದಲ್ಲಿ 5%, ಮಧ್ಯಮ ಇದ್ರೆ 10%, ಜಾಸ್ತಿ ಇದ್ರೆ 15% ಕಳೆಯಬೇಕು. ಕಾಲೂತ ಇದ್ರೆ ಇನ್ನೂ 5%. ಅಂದ್ರೆ 59ರಲ್ಲಿ 20% ಕಳೆದರೆ 47.2 ಕೆಜಿ. 60ರಿಂದ 47.2, ಶೇಕಡಾ 21 ಇಳಿಕೆ. ಲೆಕ್ಕ ಮುಗೀತು. "ನಿಜವಾದ ತೂಕ 47.2" ಅಂತ ಬರೀರಿ.

ಕೋಟೆ ಬಾಗಿಲು

ಫಾರ್ಮುಲಾ ಇರೋದು ನಿಜ, ನೀರು ತೆಗೆಯದೇ ಇದ್ದಾಗ ನಾವೂ ಬಳಸ್ತೀವಿ. ಆದರೆ ಅದು ಅಂದಾಜು. ಅದರಿಂದ ಬಂದ 47.2ನ್ನು ತಕ್ಕಡಿ ತೋರಿಸಿದ ಹಾಗೆ ದಶಮಾಂಶ ಹಚ್ಚಿ ಬರೆಯಬಾರದು. "ಜಾಸ್ತಿ ನೀರು", "ಮಧ್ಯಮ ನೀರು" ಅಂತ ನಿರ್ಧಾರ ಮಾಡೋದೇ ಕಣ್ಣಂದಾಜು. ನೀವು 15 ಅಂದಿದ್ದನ್ನು ಇನ್ನೊಬ್ಬರು 10 ಅನ್ನಬಹುದು.

ಇಲ್ಲಿ ಅದಕ್ಕಿಂತ ಗಟ್ಟಿ ಸಂಖ್ಯೆ ಕೈಯಲ್ಲೇ ಇದೆ. ನೀರು ತೆಗೆದ ಮೇಲೆ 53. ಇನ್ನೂ ಊತ ಇದೆ, ಅಂದ್ರೆ ನಿಜವಾದ ತೂಕ 53ಕ್ಕಿಂತ ಕಡಿಮೆಯೇ ಇರಬೇಕು, ಜಾಸ್ತಿ ಇರೋಕೆ ಸಾಧ್ಯವಿಲ್ಲ. 60ರಿಂದ 53 ಅಂದ್ರೆ 7 ಕೆಜಿ, ಹತ್ತಿರ ಹತ್ತಿರ 12%. ಅಲ್ಲಿಗೆ "ಆರು ತಿಂಗಳಲ್ಲಿ ಕನಿಷ್ಠ 11%" ಅಂತ ಧೈರ್ಯವಾಗಿ ಬರೆಯಬಹುದು. ಎಸ್‌ಜಿಎಯಲ್ಲಿ ಆರು ತಿಂಗಳಲ್ಲಿ 10% ದಾಟಿದರೆ ಅದು ಗಂಭೀರ ಇಳಿಕೆ. ಆ "ಕನಿಷ್ಠ" ಒಂದು ಪದ ಬಿಡಬೇಡಿ. ಅದಿದ್ದರೆ ಯಾರು ಎಷ್ಟೇ ವಾದ ಮಾಡಿದರೂ ಸಂಖ್ಯೆ ಮೇಲೆ ಹೋಗಬಹುದೇ ಹೊರತು ಕೆಳಗೆ ಬರಲ್ಲ.

ಸಿರುಗುಪ್ಪ ಡಯಾಲಿಸಿಸ್

ಡಯಾಲಿಸಿಸ್‌ನಲ್ಲೂ ಹೀಗೇ. ನಾವು ಯಾವತ್ತೂ ಡಯಾಲಿಸಿಸ್ ಮುಗಿದ ಮೇಲಿನ ತೂಕವನ್ನೇ ಹಿಂದಿನದಕ್ಕೆ ಹೋಲಿಸೋದು. ಮುಂಚಿನದು ಹಿಡಿದರೆ ಎಲ್ಲರೂ ದಪ್ಪ ಆಗ್ತಿದ್ದಾರೆ ಅನ್ನಿಸುತ್ತೆ.

ಲೆಕ್ಕದ ಹುಡುಗ

ಸರಿ ಮೇಡಂ, ಒಪ್ಪಿದೆ. ಹಾಗಾದರೆ ತೂಕಕ್ಕೆ 3 ಅಂಕ, ಊಟಕ್ಕೆ ಇಷ್ಟು, ಸ್ನಾಯುವಿಗೆ ಇಷ್ಟು ಅಂತ ಕೂಡಿಸಿ ಒಟ್ಟು ಬರೆದರೆ ಸ್ಪಷ್ಟ ಆಗಲ್ವಾ?

ಕೋಟೆ ಬಾಗಿಲು

ಅಂಕ ಇರೋದು ಪಿಜಿ-ಎಸ್‌ಜಿಎಯಲ್ಲಿ, ಅದು ಕ್ಯಾನ್ಸರ್ ವಾರ್ಡ್‌ನಲ್ಲಿ ಜಾಸ್ತಿ ಬಳಕೆ. 1987ರಲ್ಲಿ ಡೆಟ್‌ಸ್ಕಿ ಮತ್ತು ಜೊತೆಯವರು ಕೊಟ್ಟ ಮೂಲ ಎಸ್‌ಜಿಎಯಲ್ಲಿ ಅಂಕ ಇಲ್ಲ, ಬೇಕಂತಲೇ ಇಟ್ಟಿಲ್ಲ. ತೂಕ, ಊಟ, ಚರ್ಮದ ಕೆಳಗಿನ ಕೊಬ್ಬು, ಸ್ನಾಯು, ಈ ನಾಲ್ಕಕ್ಕೆ ಜಾಸ್ತಿ ಬೆಲೆ ಕೊಡಿ, ಒಟ್ಟಾರೆ ನೋಡಿ ನಿರ್ಧರಿಸಿ ಅಂತಾರೆ. ಅಂಕ ಇಲ್ಲದಿರೋದರಿಂದಲೇ ಕಾರಣ ಬರೆಯೋ ಹೊಣೆ ನಮ್ಮ ಮೇಲೆ ಬೀಳೋದು.

ಗಂಗಾವತಿ ಸಿಸ್ಟರ್

ನನ್ನದೂ ಒಂದು ಮಾತು. ನಮ್ಮ ಕಡೆ ಬಹಳ ಜನಕ್ಕೆ ಹಳೇ ತೂಕ ಗೊತ್ತೇ ಇರಲ್ಲ, ಚೀಟಿನೂ ಇರಲ್ಲ. ಆವಾಗ ನಾವು ಉಡಿದಾರ ಸಡಿಲ ಆಗಿದೆಯಾ, ಬಳೆ ಜಾರ್ತಾ ಇದೆಯಾ, ಕುಪ್ಪಸ ದೊಗಳೆ ಆಗಿದೆಯಾ ಅಂತ ಕೇಳ್ತೀವಿ. ಆದರೆ ನೀರು ತುಂಬಿದ ಹೊಟ್ಟೆಯವರಲ್ಲಿ ಉಡಿದಾರ ಉಲ್ಟಾ ಹೇಳುತ್ತೆ, ಬಿಗಿ ಆಗಿರುತ್ತೆ! ಹೊಸದು ಕಟ್ಟಿಸಿಕೊಂಡಿರ್ತಾರೆ. ಅದಕ್ಕೆ ಸೊಂಟದಿಂದ ಮೇಲೆ ನೋಡಬೇಕು. ರಟ್ಟೆಗೆ ಕಟ್ಟಿದ ತಾಯತ ಇದ್ದರೆ ಅದನ್ನು ನೋಡಿ. ನಿಮ್ಮ ಪೇಷೆಂಟ್‌ಗೆ ಇದೆಯಾ?

ರಾಯಚೂರು ಡಯಟ್

ಸಿಸ್ಟರ್, ಇದೆ! ಬಲ ರಟ್ಟೆಗೆ ಕಪ್ಪು ದಾರದ ತಾಯತ. ಈಗ ಹೋಗಿ ನೋಡಿ ಬಂದೆ. ಮೊಣಕೈ ತನಕ ಜಾರಿ ಬರುತ್ತೆ, ಎರಡು ಬೆರಳು ಆರಾಮಾಗಿ ಒಳಗೆ ಹೋಗುತ್ತೆ. ಜಾತ್ರೆಯಲ್ಲಿ ಕಟ್ಟಿಸಿದಾಗ ಬಿಗಿಯಾಗಿತ್ತು, ಚರ್ಮದ ಮೇಲೆ ಗುರುತು ಬೀಳ್ತಿತ್ತು ಅಂತ ಹೆಂಡತಿ ಹೇಳಿದರು.

ಎಂಡಿ ಕೊಪ್ಪಳ

ಇದು ಒಳ್ಳೇ ಸಾಕ್ಷಿ. ಇದನ್ನು ಚಾರ್ಟ್‌ನಲ್ಲಿ ಬರೆದರೆ ನಾನು ಓದುತ್ತೇನೆ.

ಆದರೂ ಒಂದು ತಕರಾರು ಇದೆ. ನಮ್ಮ ಭಾಗದಲ್ಲಿ ಕೂಲಿ ಮಾಡುವವರು ಬಹಳ ಮಂದಿ ತೆಳ್ಳಗೇ ಇರುತ್ತಾರೆ. ಕೊರಳ ಮೂಳೆ ಎಲ್ಲರಿಗೂ ಕಾಣುತ್ತೆ. ಮೂಳೆ ಕಂಡ ತಕ್ಷಣ ಸಿ ಅಂದರೆ ಅರ್ಧ ವಾರ್ಡ್ ಸಿ ಆಗುತ್ತೆ. ಹುಟ್ಟಾ ತೆಳ್ಳಗಿರುವವರನ್ನೂ ಕರಗಿ ಹೋದವರನ್ನೂ ಬೇರೆ ಮಾಡುವುದು ಹೇಗೆ?

ಕೋಟೆ ಬಾಗಿಲು

ಬಹಳ ಸರಿಯಾದ ಪ್ರಶ್ನೆ ಡಾಕ್ಟ್ರೇ. ಹಮಾಲಿ ಮಾಡೋರು ತೆಳ್ಳಗಿದ್ದರೂ ಭುಜ ಗುಂಡಗಿರುತ್ತೆ, ಮುಟ್ಟಿದರೆ ಗಟ್ಟಿ. ಮೂಟೆ ಹೊತ್ತ ಭುಜ ಅದು. ಅಂಥವರ ಭುಜ ಚೌಕ ಆಗಿದೆ, ತುದಿಯ ಮೂಳೆ ಮೂಲೆ ಥರ ಎದ್ದಿದೆ ಅಂದರೆ ಅದು ಹುಟ್ಟಾ ಬಂದ ತೆಳುವಲ್ಲ, ಈಚೆಗೆ ಕಳೆದುಕೊಂಡಿದ್ದು.

ನಾನು ನೋಡೋದು ಹೀಗೆ. ರೋಗಿಗೆ ಮೊಣಕೈ ಮಡಚೋಕೆ ಹೇಳಿ ರಟ್ಟೆಯ ಹಿಂಭಾಗದ ಚರ್ಮವನ್ನು ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಹಿಡಿದು, ಸ್ನಾಯು ಬಿಟ್ಟು ಮೇಲೆತ್ತುತ್ತೇನೆ. ನನ್ನ ಎರಡು ಬೆರಳು ಒಂದಕ್ಕೊಂದು ತಾಕುವಷ್ಟು ಹತ್ತಿರ ಬಂದರೆ ಅಲ್ಲಿ ಕೊಬ್ಬು ಉಳಿದಿಲ್ಲ. ಆಮೇಲೆ ಅವರ ಹೆಬ್ಬೆರಳನ್ನೂ ತೋರುಬೆರಳನ್ನೂ ಜೋಡಿಸಿ ಒತ್ತೋಕೆ ಹೇಳುತ್ತೇನೆ. ಆರೋಗ್ಯವಾಗಿರೋರಲ್ಲಿ ಆ ಎರಡು ಬೆರಳ ಬುಡದ ನಡುವೆ ಮಾಂಸ ಉಬ್ಬಿಕೊಂಡು ಬರುತ್ತೆ. ಕರಗಿದವರಲ್ಲಿ ಗುಳಿ ಬೀಳುತ್ತೆ. ಕಣತಲೆ ಎದುರಿನಿಂದಲೂ ನೋಡಿ, ಪಕ್ಕದಿಂದಲೂ ನೋಡಿ. ಎರಡೂ ಬದಿ ಒಂದೇ ಥರ ಇರಬೇಕು. ಒಂದೇ ಬದಿ ಕರಗಿದ್ದರೆ ಅದು ನರದ ತೊಂದರೆಯೋ ಲಕ್ವವೋ ಇರಬಹುದು.

ಊತ ಇರೋರಲ್ಲಿ ತೊಡೆಯನ್ನು ಪೂರ್ತಿ ನಂಬಬೇಡಿ, ನೀರು ಅಲ್ಲಿಗೂ ಬಂದಿರುತ್ತೆ. ತೊಡೆ ತುಂಬಿದ ಹಾಗೆ ಕಾಣುತ್ತೆ, ಬೆರಳಿಂದ ಒತ್ತಿ ಹಿಡಿದರೆ ಗುಳಿ ಉಳಿಯುತ್ತೆ.

ಎಂಡಿ ಕೊಪ್ಪಳ

ಭುಜದ ಮಾತು ಒಪ್ಪುತ್ತೇನೆ. ಆದರೆ ಹತ್ತು ವರ್ಷದಿಂದ 42 ಕೆಜಿಯಲ್ಲೇ ಇರುವ, ದಿನಾ ಕಳೆ ಕೀಳಲು ಹೋಗುವ, ಹೊಟ್ಟೆ ತುಂಬ ಉಣ್ಣುವ ಹೆಂಗಸು? ಅವರಿಗೆ ಏನು ಹಾಕುತ್ತೀರಿ?

ಕೋಟೆ ಬಾಗಿಲು

ಎಸ್‌ಜಿಎ ಪ್ರಕಾರ ಎ ಕಡೆಗೇ ಹೋಗುತ್ತೇನೆ, ಯಾಕಂದ್ರೆ ಅದು ಬದಲಾವಣೆ ನೋಡೋ ವಿಧಾನ. ಜೊತೆಗೆ "ತೂಕ ಮೊದಲಿಂದಲೂ ಕಡಿಮೆ" ಅಂತ ಬರೆದಿಡುತ್ತೇನೆ.

ಗಂಗಾವತಿ ಸಿಸ್ಟರ್

ನನಗೆ ಅದು ಸರಿ ಅನ್ನಿಸಲ್ಲ ಮೇಡಂ. ಹತ್ತು ವರ್ಷದಿಂದ ಅರೆಹೊಟ್ಟೆ ಉಂಡವರಿಗೆ ಅದೇ ಹೊಟ್ಟೆ ತುಂಬ ಊಟ ಅನ್ನಿಸಿರುತ್ತೆ. ಆಪರೇಷನ್ ಆದ ಮೇಲೆ ಅಂಥವರ ಗಾಯ ಬೇಗ ಮಾಯೋದಿಲ್ಲ, ವಾರ್ಡ್‌ನಲ್ಲಿ ನೋಡಿದ್ದೇನೆ. ಎ ಅಂತ ಕಂಡರೆ ಯಾರೂ ಅವರ ತಟ್ಟೆ ಕಡೆ ನೋಡೋದೇ ಇಲ್ಲ.

ಎಂಡಿ ಕೊಪ್ಪಳ

ನನ್ನ ಮತ ಸಿಸ್ಟರ್ ಕಡೆಗೆ. ಆದರೆ ಇದು ಬೇರೆ ಚರ್ಚೆ.

ರಾಯಚೂರು ಡಯಟ್

ಊಟದ ಬಗ್ಗೆಯೂ ಕೇಳಬೇಕು. ಮುಂಚೆ ಬೆಳಿಗ್ಗೆ 2, ಮಧ್ಯಾಹ್ನ 3, ರಾತ್ರಿ 2, ಒಟ್ಟು ಏಳು ಜೋಳದ ರೊಟ್ಟಿ, ಜೊತೆಗೆ ಪಲ್ಯ, ಬೇಳೆ. ಈಗ ಆರು ವಾರದಿಂದ ದಿನಕ್ಕೆ ಒಂದು ರೊಟ್ಟಿ, ಅದೂ ನೆನೆಸಿ, ಎರಡು ಸಲ ಮಜ್ಜಿಗೆ ಅನ್ನ. ನಾಲ್ಕು ತುತ್ತಿಗೇ ಹೊಟ್ಟೆ ಬಿಗಿ ಆಗುತ್ತೆ ಅಂತಾರೆ. ಮೂರು ವಾರದಿಂದ ವಾಕರಿಕೆ, ವಾಂತಿ ಇಲ್ಲ. ಭೇದಿ ದಿನಕ್ಕೆ ಎರಡು ಮೂರು ಸಲ. ಇದನ್ನೆಲ್ಲಾ ಎರಡು ಗೆರೆಯಲ್ಲಿ ಹೇಗೆ ತುರುಕೋದು?

ಕೋಟೆ ಬಾಗಿಲು

ಲ್ಯಾಕ್ಟುಲೋಸ್ ಕುಡೀತಿದ್ದಾರಾ?

ರಾಯಚೂರು ಡಯಟ್

ಹೌದು, ಸೇರಿದ ದಿನದಿಂದ.

ಕೋಟೆ ಬಾಗಿಲು

ಹಾಗಾದರೆ ಆ ಭೇದಿಯನ್ನು ಎಸ್‌ಜಿಎ ಲಕ್ಷಣದಲ್ಲಿ ಸೇರಿಸಬೇಡಿ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗಲಿ ಅಂತಲೇ ಆ ಔಷಧ ಕೊಡೋದು. ಫಾರ್ಮ್‌ನಲ್ಲಿ ಕೇಳೋದು ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಇರೋ ತೊಂದರೆ. ವಾಕರಿಕೆ ಲೆಕ್ಕಕ್ಕೆ ಬರುತ್ತೆ.

ಗೆರೆ ಎರಡೇ ಇದ್ದರೆ ಡಬ್ಬಿಯಲ್ಲಿ ಟಿಕ್ ಹಾಕಿ "ಪ್ರೋಗ್ರೆಸ್ ನೋಟ್ ನೋಡಿ" ಅಂತ ಬರೆದು ಅಲ್ಲಿ ವಿವರ ಬರೀರಿ. ಚಾರ್ಟ್‌ನಲ್ಲಿ ಇಂಗ್ಲಿಷ್‌ನಲ್ಲೇ ಬರೆಯೋದು ನಮ್ಮ ರೂಢಿ, ಇಲ್ಲಿ ಕನ್ನಡದಲ್ಲಿ ಹಾಕ್ತಿದ್ದೇನೆ. ನಾನಾಗಿದ್ದರೆ ಹೀಗೆ ಬರೀತಿದ್ದೆ:

"ಎಸ್‌ಜಿಎ: ಸಿ, ತೀವ್ರ ಅಪೌಷ್ಟಿಕತೆ. ಸೇರುವಾಗಿನ 59 ಕೆಜಿ ಹೋಲಿಕೆಗೆ ಬಳಸಿಲ್ಲ, ಹೊಟ್ಟೆಯಲ್ಲಿ ನೀರು ಮತ್ತು ಕಾಲೂತ ಇತ್ತು. 6 ಲೀಟರ್ ತೆಗೆದ ಮೇಲೆ 53 ಕೆಜಿ, ಊತ ಇನ್ನೂ ಇದೆ. ಆರು ತಿಂಗಳ ಹಿಂದೆ ಊತ ಇಲ್ಲದಾಗ 60 ಕೆಜಿ (ಓಪಿಡಿ ಚೀಟಿ). ಇಳಿಕೆ ಕನಿಷ್ಠ 11%. ಆರು ವಾರದಿಂದ ಊಟ ದಿನಕ್ಕೆ 7 ರೊಟ್ಟಿಯಿಂದ 1 ರೊಟ್ಟಿ ಮತ್ತು ಸ್ವಲ್ಪ ಅನ್ನಕ್ಕೆ ಇಳಿದಿದೆ, ಬೇಗ ಹೊಟ್ಟೆ ತುಂಬುತ್ತದೆ. ಮೂರು ವಾರದಿಂದ ವಾಕರಿಕೆ. ಭೇದಿ ಲ್ಯಾಕ್ಟುಲೋಸ್‌ನಿಂದ, ಪರಿಗಣಿಸಿಲ್ಲ. ಕಣತಲೆ, ಭುಜ, ಹೆಬ್ಬೆರಳ ಬುಡದಲ್ಲಿ ಎರಡೂ ಬದಿ ಸ್ನಾಯು ತೀವ್ರವಾಗಿ ಕರಗಿದೆ. ರಟ್ಟೆಯ ಹಿಂದೆ ಕೊಬ್ಬು ಬಹುತೇಕ ಇಲ್ಲ, ರಟ್ಟೆಯ ತಾಯತ ಮೊಣಕೈಗೆ ಜಾರುತ್ತದೆ."

ಕೆಲಸದ ಶಕ್ತಿ ಬಗ್ಗೆ ನೀವು ಹೇಳಿಲ್ಲ, ಅದನ್ನೂ ಒಂದು ಸಾಲು ಸೇರಿಸಿ. ಹೆಬ್ಬೆರಳು, ರಟ್ಟೆ ಎರಡನ್ನೂ ನೀವೇ ಮುಟ್ಟಿ ನೋಡಿದ ಮೇಲೆ ಮಾತ್ರ ಬರೀರಿ, ನಾನು ಊಹೆ ಮೇಲೆ ತುಂಬಿದ್ದೇನೆ.

ರಾಯಚೂರು ಡಯಟ್

ಮುಟ್ಟಿ ನೋಡಿದೆ ಮೇಡಂ. ರಟ್ಟೆ ನೀವು ಹೇಳಿದ ಹಾಗೇ ಇದೆ. ಹೆಬ್ಬೆರಳ ಹತ್ತಿರ ಎಡಗೈಯಲ್ಲಿ ಗುಳಿ ಬೀಳುತ್ತೆ, ಬಲಗೈಯಲ್ಲಿ ಸಪಾಟಾಗಿದೆ, ಉಬ್ಬೋದಿಲ್ಲ. ಹಾಗೇ ಬೇರೆ ಬೇರೆಯಾಗಿ ಬರೀತೇನೆ. ಕೆಲಸ ಬಿಟ್ಟು ಮೂರು ತಿಂಗಳಾಯ್ತು, ಮಂಚದಿಂದ ಏಳೋಕೆ ಒಬ್ಬರು ಕೈ ಕೊಡಬೇಕು.

ಎಂಡಿ ಕೊಪ್ಪಳ

ನೋಟ್ ಚೆನ್ನಾಗಿದೆ. ಪ್ರೋಟೀನ್ ಲೆಕ್ಕ ಯಾವ ತೂಕಕ್ಕೆ ಮಾಡಿದಿರಿ ಅನ್ನುವುದನ್ನೂ ಅಲ್ಲೇ ಬರೆಯಿರಿ. ಇಂಥವರಿಗೆ ಕೆಜಿಗೆ 1.2ರಿಂದ 1.5 ಗ್ರಾಂ ಅನ್ನುತ್ತೇವೆ, 59ಕ್ಕೆ ಗುಣಿಸಿದರೆ ನೀರಿಗೂ ಪ್ರೋಟೀನ್ ಕೊಟ್ಟ ಹಾಗೆ. ಇಷ್ಟು ದಿನ ಉಣ್ಣದವರಿಗೆ ಒಮ್ಮೆಲೇ ಜಾಸ್ತಿ ಕೊಡಲೂಬಾರದು. ಪೊಟ್ಯಾಸಿಯಂ, ಫಾಸ್ಫರಸ್, ಮೆಗ್ನೀಸಿಯಂ ನೋಡಿಕೊಂಡು, ಥಯಾಮಿನ್ ಕೊಟ್ಟು ಏರಿಸಬೇಕು. ನೋಟ್‌ನಲ್ಲಿ ಸಿ ಅಂತ ಕಾರಣ ಸಮೇತ ಇದ್ದರೆ ಈ ಟೆಸ್ಟ್‌ಗಳನ್ನು ನಾವೂ ಮರೆಯದೆ ಬರೆಯುತ್ತೇವೆ.

ಸಿರುಗುಪ್ಪ ಡಯಾಲಿಸಿಸ್

ಒಂದು ಡೌಟು. ನೀರು ತೆಗೆದ ಮೇಲೆ ಹಸಿವು ಬಂದಿರಬೇಕಲ್ವಾ? ಈಚೆಗೆ ಸುಧಾರಿಸುತ್ತಿದ್ದರೆ ಮೇಲಿನ ರೇಟಿಂಗ್ ಕೊಡಬಹುದು ಅಂತ ಓದಿದ ನೆನಪು. ಹಾಗಾದರೆ ಬಿ ಆಗಲ್ವಾ?

ರಾಯಚೂರು ಡಯಟ್

ನಿನ್ನೆ ಎರಡು ರೊಟ್ಟಿ ತಿಂದರು, ಇವತ್ತು ಬೆಳಿಗ್ಗೆ ಇಡ್ಲಿ ಕೇಳಿ ತರಿಸಿಕೊಂಡರು.

ಕೋಟೆ ಬಾಗಿಲು

ಓದಿದ್ದು ಸರಿಯೇ, ಆದರೆ ಆ ಸುಧಾರಣೆ ಕೆಲವು ದಿನ ನಿಲ್ಲಬೇಕು, ತೂಕ ಏರಿದರೆ ಅದು ನೀರಿನಿಂದ ಬಂದದ್ದಾಗಿರಬಾರದು. ಇಲ್ಲಿ ಒಂದು ದಿನದ ಎರಡು ರೊಟ್ಟಿ ಇದೆ, ಸ್ನಾಯು ಹಾಗೇ ಇದೆ. ನಾನು ಇವತ್ತಿಗೆ ಸಿ ಬದಲಿಸಲ್ಲ. ಸುಧಾರಣೆ ಬರೆದಿಡಿ, ವಾರ ಬಿಟ್ಟು ಮತ್ತೆ ನೋಡಿ.

ಎಂಡಿ ಕೊಪ್ಪಳ

ನಾನಾಗಿದ್ದರೆ ಬಿ ಮತ್ತು ಸಿ ನಡುವೆ ಯೋಚಿಸುತ್ತಿದ್ದೆ. ಊಟ ಕಡಿಮೆಯಾಗಲು ಮುಖ್ಯ ಕಾರಣ ಹೊಟ್ಟೆಯ ಒತ್ತಡ, ಅದು ಈಗ ಹೋಗಿದೆ.

ಕೋಟೆ ಬಾಗಿಲು

ನೀರು ಮತ್ತೆ ತುಂಬಲ್ಲ ಅಂತ ಹೇಳೋಕಾಗುತ್ತಾ ಡಾಕ್ಟ್ರೇ? ಸ್ನಾಯು ಇಷ್ಟು ಕರಗಿರೋವಾಗ ಬಿ ಅಂದರೆ ನನಗೆ ಒಪ್ಪಿಗೆ ಆಗಲ್ಲ.

ಗಂಗಾವತಿ ಸಿಸ್ಟರ್

ಯಾವುದೇ ಹಾಕಿ, ಮತ್ತೆ ನೋಡೋ ದಿನಾಂಕ ಹಾಕಿ. ನೈಟ್ ಡ್ಯೂಟಿಯಲ್ಲಿ ನಮಗೆ ಬೇಕಾಗೋದು ಅದು. ಜೊತೆಗೆ "ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ವಾರ್ಡ್‌ನ ಅದೇ ತಕ್ಕಡಿಯಲ್ಲಿ ತೂಕ" ಅಂತ ಬರೀರಿ. ಇಲ್ಲದಿದ್ದರೆ ಒಬ್ಬರು ಓಪಿಡಿ ತಕ್ಕಡಿಯಲ್ಲಿ ಊಟ ಆದ ಮೇಲೆ ತೂಗಿ 55 ಅಂತ ಬರೀತಾರೆ, ಆಗ ನಿಮ್ಮ 53ರ ವಾದ ಎಲ್ಲಾ ಬಿದ್ದು ಹೋಗುತ್ತೆ.

ರಾಯಚೂರು ಡಯಟ್

ಬರೆದೆ ಸಿಸ್ಟರ್. ಸಿ ಅಂತಲೇ ಇಟ್ಟು, ಮುಂದಿನ ಗುರುವಾರ ಮತ್ತೆ ನೋಡೋದು ಅಂತ ಹಾಕಿದ್ದೇನೆ. ನಮ್ಮ ಡಾಕ್ಟರ್ ನೋಟ್ ಓದಿ ಸಹಿ ಹಾಕಿದರು, ಫಾಸ್ಫರಸ್ ಮತ್ತು ಮೆಗ್ನೀಸಿಯಂ ಟೆಸ್ಟ್ ಬರೆದರು. ಆದರೆ "ಕನಿಷ್ಠ 11%" ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಾರೆ, ಹಳೇ ಚೀಟಿಯ ತಕ್ಕಡಿ ಬೇರೆ ಅಲ್ವಾ ಅಂತ.

ಕೋಟೆ ಬಾಗಿಲು

ಅವರು ಕೇಳಿದ್ದು ಸರಿ. ಅದನ್ನೂ ಒಂದು ಸಾಲು ಸೇರಿಸಿ: "60 ಕೆಜಿ ಬೇರೆ ತಕ್ಕಡಿಯದು, ಒಂದೆರಡು ಕೆಜಿ ವ್ಯತ್ಯಾಸ ಇರಬಹುದು. ಆದರೆ ಊಟ, ಸ್ನಾಯು, ಕೊಬ್ಬು ಮೂರೂ ಇದೇ ರೇಟಿಂಗ್ ಕಡೆಗೇ ತೋರಿಸುತ್ತವೆ."